ಟಾಕ್‌ಬ್ಯಾಕ್ ತಾನಾಗಿ ಚಾಲೂ ಆದ ಫೋನನ್ನು ಸರಿಪಡಿಸುವುದು: ಅಧ್ಯಯನ ಟಿಪ್ಪಣಿ

ಆಂಡ್ರಾಯ್ಡ್ ಫೋನಿನಲ್ಲಿ ಧ್ವನಿ ಏರಿಸುವ ಮತ್ತು ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ಸುಮಾರು 3 ಸೆಕೆಂಡು ಒತ್ತಿ ಹಿಡಿಯುವ ಶಾರ್ಟ್‌ಕಟ್‌ಗೆ ಟಾಕ್‌ಬ್ಯಾಕ್ ಜೋಡಿಸಲ್ಪಟ್ಟಿದ್ದರೆ, ಪರದೆಯನ್ನು ಓದಿ ಹೇಳುವ ಆ ಸೌಲಭ್ಯ ತಕ್ಷಣ ಚಾಲೂ ಆಗುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನ ನೂಕುನುಗ್ಗಲಿನಲ್ಲಿ ಬಿಗಿಯಾದ ಪೌಚಿನೊಳಗೆ ಆ ಗುಂಡಿಗಳು ಒತ್ತಿಕೊಂಡರೂ ಹೀಗಾಗಬಹುದು. ಫೋನನ್ನು ಆಫ್ ಮಾಡಿ ಆನ್ ಮಾಡಿದರೆ ಇದು ಹೋಗುವುದಿಲ್ಲ. ಮೊದಲು ಅದೇ ಎರಡು ಗುಂಡಿಗಳನ್ನು ಮತ್ತೆ 3 ಸೆಕೆಂಡು ಹಿಡಿದು ನೋಡಬೇಕು. ಹೆಚ್ಚಿನ ಸಲ ಇಷ್ಟಕ್ಕೇ ಮುಗಿಯುತ್ತದೆ.

ಅದರಿಂದ ಆಗದಿದ್ದರೆ ಬೆರಳಾಡಿಸುವ ಕ್ರಮವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಟಾಕ್‌ಬ್ಯಾಕ್ ಇರುವಾಗ ಒಂದು ಸಲ ಮುಟ್ಟಿದರೆ ಆ ಜಾಗದ ಸುತ್ತ ಚೌಕಟ್ಟು ಮೂಡಿ ಹೆಸರು ಕೇಳಿಸುತ್ತದೆಯೇ ಹೊರತು ಏನೂ ತೆರೆಯುವುದಿಲ್ಲ. ತೆರೆಯಲು ಬೇಗ ಬೇಗ ಎರಡು ಸಲ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬೇಕು.

ಪಿನ್ ಹಾಕಿದ ಫೋನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲಾಕ್ ಪರದೆಯನ್ನು ಎರಡು ಬೆರಳಿನಿಂದ ಮೇಲಕ್ಕೆ ಸರಿಸಿದರೆ ಅಂಕಿಗಳು ಬರುತ್ತವೆ. ಕೆಲವು ಫೋನುಗಳಲ್ಲಿ ಅಂಕಿಯನ್ನು ಮುಟ್ಟಿ ಬೆರಳೆತ್ತಿದ ಕೂಡಲೇ ಅದು ದಾಖಲಾಗುತ್ತದೆ. ಅಂಥಲ್ಲಿ ಮತ್ತೆ ತಟ್ಟಿದರೆ ಒಂದೇ ಅಂಕಿ ಹೆಚ್ಚು ಸಲ ಬಿದ್ದು, ಸರಿಯಾದ ಪಿನ್ ಕೂಡ ತಪ್ಪೆಂದು ತೋರುತ್ತದೆ. ಆದ್ದರಿಂದ ಮೊದಲ ಅಂಕಿ ಮುಟ್ಟಿದ ಮೇಲೆ ಮೇಲ್ಗಡೆ ಒಂದು ಚುಕ್ಕೆ ಬಂತೇ ಎಂದು ನೋಡಬೇಕು: ಬಂದಿದ್ದರೆ ಮುಂದಿನ ಅಂಕಿಗೆ ಹೋಗಬೇಕು, ಬಾರದಿದ್ದರೆ ಮಾತ್ರ ಎರಡು ಸಲ ತಟ್ಟಬೇಕು.

ಒಳಗೆ ಬಂದ ಬಳಿಕ Settings, ಅಲ್ಲಿಂದ Accessibility, ಅಲ್ಲಿಂದ TalkBack, ಹೀಗೆ ಪ್ರತಿಯೊಂದನ್ನೂ ಮುಟ್ಟಿ, ಚೌಕಟ್ಟು ಮೂಡಿದ ಮೇಲೆ ಎರಡು ಸಲ ತಟ್ಟುತ್ತ ಸಾಗಬೇಕು. ಸ್ವಿಚ್ಚನ್ನು ಆಫ್ ಮಾಡಿದಾಗ ನಿಲ್ಲಿಸಬೇಕೇ ಎಂದು ಕೇಳುವ ಪೆಟ್ಟಿಗೆ ಬಂದರೆ, ಅದರ ಉತ್ತರವನ್ನೂ ಇದೇ ರೀತಿ ತಟ್ಟಬೇಕು. ಇಲ್ಲಿಯೇ ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು. ಅನಂತರ ಅದೇ ಪುಟದ TalkBack shortcut ಸಾಲಿನಲ್ಲಿ ಶಾರ್ಟ್‌ಕಟ್ ತೆಗೆದುಹಾಕಿದರೆ ಗುಂಡಿ ಒತ್ತಿಕೊಂಡು ಮತ್ತೆ ಚಾಲೂ ಆಗುವುದಿಲ್ಲ. ಆದರೆ ಕಣ್ಣು ಮಂಜಾದ ಅಜ್ಜಿಯೂ ಅದೇ ಫೋನನ್ನು ಬಳಸುತ್ತಿದ್ದರೆ ಅವರನ್ನು ಕೇಳದೆ ತೆಗೆಯಬಾರದು.

ಅಕ್ಷರ ದೊಡ್ಡದಾಗುವುದು ಬೇರೆಯೇ ವಿಷಯ, ಅದರಲ್ಲೂ ಎರಡು ಬಗೆಯುಂಟು. ಅಕ್ಷರ ಮಾತ್ರ ಹಿಗ್ಗಿ, ಗಡಿಯಾರವೂ ಬ್ಯಾಟರಿ ಗುರುತೂ ತಮ್ಮ ಮೂಲೆಯಲ್ಲೇ ಕಾಣುತ್ತಿದ್ದರೆ ಅದು ಡಿಸ್‌ಪ್ಲೇ ವಿಭಾಗದ ಅಕ್ಷರ ಗಾತ್ರ. ಅಲ್ಲಿನ ಪಟ್ಟಿಯನ್ನು ಎಡಕ್ಕೆ ಎಳೆದರಾಯಿತು. ಅವೂ ಅಂಚಿನಾಚೆ ಹೋಗಿದ್ದರೆ ಇಡೀ ಪರದೆ ಹಿಗ್ಗಿದೆ ಎಂದರ್ಥ. ಮೂರು ತಟ್ಟಿನ ಶಾರ್ಟ್‌ಕಟ್ಟಿನಿಂದ ಹಾಗಾಗಿದ್ದಲ್ಲಿ ಮತ್ತೆ ಮೂರು ಸಲ ತಟ್ಟಿದರೆ ಮೊದಲಿನಂತಾಗುತ್ತದೆ. Magnification ಪುಟದಲ್ಲಿ ಆ ಶಾರ್ಟ್‌ಕಟ್ಟನ್ನು ಆಫ್ ಮಾಡುವುದರಿಂದ ಇನ್ನೊಂದು ಲಾಭವೂ ಇದೆ: ಅದು ಆನ್ ಇರುವಾಗ ಫೋನು ಮುಂದಿನ ತಟ್ಟಿಗಾಗಿ ಕಾಯುವುದರಿಂದ ಪ್ರತಿ ಸ್ಪರ್ಶವೂ ತುಸು ತಡವಾಗುತ್ತಿರುತ್ತದೆ.