ನೇಪಾಳಿ ಪ್ರಕಟಣೆಯಲ್ಲಿ ‘ಕೋ’ ಎಲ್ಲಿ ನಿಲ್ಲಬೇಕು?

ನೇಪಾಳಿಯಲ್ಲಿ ‘ಕೋ’ ಎಂಬ ಒಂದಕ್ಷರಕ್ಕೆ ಎರಡು ಕೆಲಸ. ಹೆಸರಿಗೆ ಅಂಟಿಕೊಂಡರೆ ಅದು ನಮ್ಮ ಷಷ್ಠಿ ವಿಭಕ್ತಿ: ‘ರಾಮಕೋ’ ಎಂದರೆ ರಾಮನ. ಬಿಡಿಯಾಗಿ ನಿಂತರೆ ಅದು ಪ್ರಶ್ನೆ: ‘ಕೋ’ ಎಂದರೆ ಯಾರು. ಹಾಗಾಗಿ ‘ಕಾರ್ಯಾಲಯಕೋ ಸೂಚನಾ’ ಎಂಬಲ್ಲಿ ಕಚೇರಿಯ ಪ್ರಕಟಣೆ ಎಂದು ಓದಿಕೊಳ್ಳುವವನು, ‘ಕಾರ್ಯಾಲಯ ಕೋ ಸೂಚನಾ’ ಎಂದು ಬಿಡಿಸಿ ಬರೆದದ್ದನ್ನು ಕಂಡರೆ ಅರೆಗಳಿಗೆ ತಡವರಿಸುತ್ತಾನೆ. ಅರ್ಥ ಹೇಗೋ ಆಗುತ್ತದೆ, ನಿಜ. ಆದರೆ ಬರೆದವರಿಗೆ ಭಾಷೆ ಕೈಗೆ ಹತ್ತಿಲ್ಲ ಎಂಬುದೂ ಅಷ್ಟೇ ಬೇಗ ಗೊತ್ತಾಗಿಬಿಡುತ್ತದೆ.

ಇದು ಬರೀ ಮುದ್ರಣದೋಷವಲ್ಲ. ಕೂಡಿಸಿ ಬರೆಯುವುದಕ್ಕೆ ಪದಯೋಗ, ಬಿಡಿಸಿ ಬರೆಯುವುದಕ್ಕೆ ಪದವಿಯೋಗ ಎಂದು ಹೆಸರಿಟ್ಟುಕೊಂಡು ನೇಪಾಳಿ ಬಲ್ಲವರು ಬಹುಕಾಲದಿಂದ ವಾದಿಸಿದ್ದಾರೆ. ಹೊರಗಿನವರಿಗೆ ಅಷ್ಟಾಗಿ ಕಾಣದ ಸಂಗತಿಯೆಂದರೆ, ಆ ಭಾಷೆಯ ಮರ್ಯಾದೆಯ ಕ್ರಿಯಾಪದಗಳೂ ಇದೇ ವಾದದೊಳಗೆ ಸಿಕ್ಕಿಕೊಂಡಿವೆ. ಪ್ರಕಟಣೆಯಲ್ಲಿ ಓದುಗರಿಗೆ ಎಷ್ಟು ಗೌರವ ಸಲ್ಲುತ್ತದೆ ಎಂಬುದು ಕೆಲವು ಕಡೆ ಒಂದು ಖಾಲಿ ಜಾಗದ ಮೇಲೆ ನಿಂತಿರುತ್ತದೆ.

ಹಳೆಯ ಕಾಲದಲ್ಲಿ ಈ ತಕರಾರು ಏಳುವಂತೆಯೇ ಇರಲಿಲ್ಲ. ಅರಸರ ಕೆಂಪು ಮುದ್ರೆ ಬಿದ್ದ ‘ಲಾಲಮೋಹರ’ ಪತ್ರಗಳಲ್ಲಿ, ಕೈಬರಹದ ಸನದುಗಳಲ್ಲಿ, ದೇವನಾಗರಿಯ ತಲೆಗೆರೆ ಸಾಲಿನುದ್ದಕ್ಕೂ ಓಡುತ್ತಿತ್ತು. ಪದಪದದ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ. ಎಲ್ಲಿ ಒಡೆಯಬೇಕು ಎಂಬುದು ಓದುವವನ ಜಾಣ್ಮೆಗೆ ಬಿಟ್ಟದ್ದು. ಅಚ್ಚು ಬಂದಾಗ ಅಚ್ಚುಮೊಳೆ ಜೋಡಿಸುವವನು ಪ್ರತಿ ಪದದ ಕೊನೆಯಲ್ಲೂ ತೀರ್ಮಾನ ಮಾಡಬೇಕಾಯಿತು. ಮೊದಮೊದಲ ನೇಪಾಳಿ ಪುಸ್ತಕಗಳಲ್ಲಿ ಬಹಳಷ್ಟು ಅಚ್ಚಾದದ್ದು ಬನಾರಸಿನಲ್ಲಿ. ಅಲ್ಲಿ ಕಣ್ಣಿಗೆ ಬೀಳುತ್ತಿದ್ದ ಹಿಂದಿಯಲ್ಲಿ ‘ರಾಮ ನೇ’, ‘ರಾಮ ಕಾ’ ಎಂದು ನಾಮಪದದಿಂದ ಬಿಡಿಸಿ, ‘ಉಸನೇ’ ಎಂದು ಸರ್ವನಾಮಕ್ಕೆ ಮಾತ್ರ ಕೂಡಿಸುವ ಪದ್ಧತಿ ನೆಲೆಯೂರಿತು. ನೇಪಾಳಿ ಬೇರೆ ದಾರಿ ಹಿಡಿಯಿತು: ನಾಮಪದವಾಗಲಿ ಸರ್ವನಾಮವಾಗಲಿ, ವಿಭಕ್ತಿ ಕೂಡಿಕೊಂಡೇ ಇರಬೇಕು.

ಇದಕ್ಕೆ ಭಾಷೆಯೊಳಗೇ ಆಧಾರವಿದೆ. ‘ಮ’ ಎಂದರೆ ನಾನು; ಅದಕ್ಕೆ ಕೆಲಸ ಮಾಡಿದವರನ್ನು ತೋರುವ ‘ಲೇ’ ಸೇರಿದಾಗ ‘ಮೈಲೇ’ ಆಗುತ್ತದೆ. ‘ತ್ಯೋ’ ಎಂದರೆ ಅದು. ‘ಲೇ’ ಬಂದರೆ ‘ತ್ಯಸಲೇ’. ಪದದ ಒಡಲನ್ನೇ ಬದಲಿಸುವ ಪ್ರತ್ಯಯವನ್ನು ದೂರ ನಿಲ್ಲಿಸುವುದು ಹೇಗೆ? ‘ಮನೆಯಲ್ಲಿ’ ಎಂಬುದನ್ನು ‘ಮನೆ ಅಲ್ಲಿ’ ಎಂದು ಬರೆದರೆ ಬೇರೆಯೇ ಅರ್ಥ ಬರುತ್ತದೆ ಎಂದು ಬಲ್ಲ ನಮಗೆ ಇದು ತಟ್ಟನೆ ತಿಳಿಯುತ್ತದೆ. ‘ಬಸ್ ಗೆ’, ‘ಟಿವಿ ಯಲ್ಲಿ’ ಎಂದು ಫೋನಿನಲ್ಲಿ ಒಡೆದು ಬರೆಯುವ ಅಭ್ಯಾಸ ನಮ್ಮಲ್ಲೂ ಬೆಳೆದಿರುವುದರಿಂದ ನೇಪಾಳಿಗರ ಕಿರಿಕಿರಿಯೂ ಅರ್ಥವಾಗುತ್ತದೆ.

ಬರವಣಿಗೆಗೆ ಕಟ್ಟುಪಾಡು ಮೂಡಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. 1901ರಲ್ಲಿ ‘ಗೋರಖಾಪತ್ರ’ ಶುರುವಾಗಿ ಸರ್ಕಾರದ ಮಾತು ಅಚ್ಚಿನಲ್ಲಿ ಕ್ರಮವಾಗಿ ಬರತೊಡಗಿತು. 1912ರ ಸುಮಾರಿಗೆ ಹೇಮರಾಜ ಪಂಡಿತರ ವ್ಯಾಕರಣ ಬಂತು. 1913ರಲ್ಲಿ ಕಾಠ್ಮಂಡುವಿನಲ್ಲಿ ಗೋರಖಾ ಭಾಷಾ ಪ್ರಕಾಶಿನೀ ಸಮಿತಿ ಹುಟ್ಟಿತು. ಅದೇ ಹೊತ್ತಿನಲ್ಲಿ ಇನ್ನೊಂದು ಜಗಳವೂ ನಡೆದಿತ್ತು, ಅದೇ ‘ಹಲಂತ ಬಹಿಷ್ಕಾರ’. 1908ರಲ್ಲಿ ಬನಾರಸಿನಿಂದ ಹೊರಟ ‘ಮಾಧವೀ’ ಪತ್ರಿಕೆಯ ರಾಮಮಣಿ ಆಚಾರ್ಯ ದೀಕ್ಷಿತರು, ಸ್ವರವಿಲ್ಲವೆಂದು ತೋರಲು ಅಕ್ಷರದ ಕೆಳಗೆ ಹಾಕುವ ಹಲಂತದ ಓರೆಗೆರೆಯನ್ನೇ ಬಿಟ್ಟುಬಿಡೋಣ ಎಂದರು. ಬರೆಯುವುದಕ್ಕೂ ಅಚ್ಚಿಗೂ ಅದು ಸುಲಭ. ಆದರೆ ನೇಪಾಳಿಯಲ್ಲಿ ಆ ಗೆರೆ ಮರ್ಯಾದೆಯನ್ನೂ ಹೊತ್ತಿರುತ್ತದೆ. ಹಲಂತವಿದ್ದರೆ ‘ಗರ್’: ಏಕವಚನದಲ್ಲಿ, ‘ತಁ’ ಎಂದು ಕರೆಯುವವರಿಗೆ, ಮಾಡೋ ಎಂದ ಹಾಗೆ. ಹಲಂತವಿಲ್ಲದಿದ್ದರೆ ‘ಗರ’: ‘ತಿಮೀ’ ಎನ್ನುವವರಿಗೆ, ಒಂದು ಮೆಟ್ಟಿಲು ಮೇಲೆ. ಗೆರೆ ಹೋದರೆ ಎರಡೂ ಕಣ್ಣಿಗೆ ಒಂದೇ. ಕೊನೆಗೆ ಕ್ರಿಯಾಪದಗಳಲ್ಲಿ ಹಲಂತ ಉಳಿಯಿತು; ಉಳಿದದ್ದು ಸರಿಯಾಯಿತು ಎಂದೇ ನನ್ನ ಭಾವನೆ.

ಈ ಮೆಟ್ಟಿಲುಗಳಲ್ಲಿ ಪ್ರಕಟಣೆಗೆ ಬೇಕಾದದ್ದು ಮೂರನೆಯದು, ‘ತಪಾಈಂ’ ಎಂದು ಕರೆಯುವವರಿಗೆ ಸಲ್ಲುವ ರೂಪ. ಅದರ ಕಟ್ಟಡವೇ ವಿಶೇಷ. ‘ಗರ್ನು’ ಎಂದರೆ ಮಾಡುವುದು, ‘ಹುನ್ಛ’ ಎಂದರೆ ಆಗುತ್ತದೆ. ಎರಡೂ ಬೆಸೆದು ‘ಗರ್ನುಹುನ್ಛ’: (ತಾವು) ಮಾಡುತ್ತೀರಿ, (ಅವರು) ಮಾಡುತ್ತಾರೆ. ಒಬ್ಬರಿಗೂ ಹಲವರಿಗೂ, ಗಂಡಿಗೂ ಹೆಣ್ಣಿಗೂ ಇದೇ ರೂಪ. ದೊಡ್ಡವರನ್ನು ನೇರವಾಗಿ ‘ನೀವು ಮಾಡಿ’ ಎನ್ನದೆ, ಕೆಲಸ ಅವರಿಂದ ‘ಆಗುತ್ತದೆ’ ಎಂದು ಹಿಂದೆ ಸರಿದು ಹೇಳುವ ಬಗೆ ಇದು. ಇದಕ್ಕೂ ಮೇಲೆ ಅರಮನೆಯ ಮೆಟ್ಟಿಲೊಂದಿತ್ತು: ‘ಗರಿಬಕ್ಸಿಯೋಸ್’. ಅದರೊಳಗಿನ ‘ಬಕ್ಸನು’ ಬಂದದ್ದು ದಯಪಾಲಿಸು ಎಂಬ ಪಾರಸಿ ಮೂಲದಿಂದ. ನಮ್ಮ ‘ಬಕ್ಷೀಸು’ ಅದೇ ಮನೆತನದ್ದು. ಭಾವದಲ್ಲಿ ನಮ್ಮ ‘ದಯಮಾಡಿಸಿ’ ಅದಕ್ಕೆ ಹತ್ತಿರ. 2008ರಲ್ಲಿ ಅರಸೊತ್ತಿಗೆ ಹೋದ ಮೇಲೆ ಸರ್ಕಾರಿ ಪ್ರಕಟಣೆಯಲ್ಲಿ ಆ ರೂಪಕ್ಕೆ ಕೆಲಸವಿಲ್ಲ.

ಖಾಲಿ ಜಾಗದ ಮಾತು ಇಲ್ಲಿಗೆ ಬಂದು ಸೇರುತ್ತದೆ. ‘ಗರ್ನು’ ಮತ್ತು ‘ಹುನ್ಛ’ ಎರಡೂ ತಮ್ಮಷ್ಟಕ್ಕೆ ಅರ್ಥವಿರುವ ಪದಗಳು. ಬಿಡಿಸಿ ಬರೆದರೆ ‘ಮಾಡುವುದು ಆದೀತು’, ಅಂದರೆ ಮಾಡಬಹುದು, ಅಡ್ಡಿಯಿಲ್ಲ ಎಂಬತ್ತ ವಾಲುತ್ತದೆ. ನಿಷೇಧದಲ್ಲಿ ಗೊಂದಲ ಇನ್ನೂ ಹೆಚ್ಚು. ‘ಮಾಸು ಖಾನುಹುಂದೈನ’ ಎಂಬುದನ್ನು ಬಾಯಲ್ಲಿ ಹೇಳಿದರೆ ‘ಅವರು ಮಾಂಸ ತಿನ್ನುವುದಿಲ್ಲ’ ಎಂದೂ ಆದೀತು, ‘ಮಾಂಸ ತಿನ್ನಬಾರದು’ ಎಂದೂ ಆದೀತು. ಆದ್ದರಿಂದ ಗೌರವದ ರೂಪವನ್ನು ಕೂಡಿಸಿ, ಕೂಡದು ಎಂಬ ಅರ್ಥದ್ದನ್ನು ಬಿಡಿಸಿ ‘ಖಾನು ಹುಂದೈನ’ ಎಂದು ಬರೆಯುವವರಿದ್ದಾರೆ. ಎರಡನ್ನೂ ಕೂಡಿಸುವವರೂ ಇದ್ದಾರೆ. ನಾನು ಮೊದಲಿನವರ ಪಕ್ಷ. ಆಸ್ಪತ್ರೆಯ ಬಾಗಿಲಿಗೆ ಅಂಟಿಸುವ ಹಾಳೆಯಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ ಎನ್ನುವುದು ತರವಲ್ಲ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ವಾರ್ಡ್ ಕಚೇರಿಯೊಂದು ಹಿರಿಯ ನಾಗರಿಕರ ಭತ್ಯೆ ನವೀಕರಣಕ್ಕೆ ಪ್ರಕಟಣೆ ಹೊರಡಿಸುತ್ತದೆ ಎಂದಿಟ್ಟುಕೊಳ್ಳಿ. ಹೇಳಬೇಕಾದದ್ದು ಇಷ್ಟು: ಈ ವಾರ್ಡಿನಿಂದ ಭತ್ಯೆ ಪಡೆಯುತ್ತಿರುವ ಹಿರಿಯ ನಾಗರಿಕರು ಪ್ರಕಟಣೆ ಹೊರಟ ದಿನದಿಂದ 35 ದಿನದೊಳಗೆ ಪ್ರಮಾಣಪತ್ರದೊಂದಿಗೆ ಕಚೇರಿಗೆ ಬಂದು ನವೀಕರಣ ಮಾಡಿಸಿಕೊಳ್ಳಬೇಕು. ಅವಸರದಲ್ಲಿ ಬರೆದದ್ದು ಹೀಗಿರಬಹುದು:

“ಯಸ ವಡಾ ಬಾಟ ಭತ್ತಾ ಬುಝ್ದೈ ಆಏಕೋ ಜ್ಯೇಷ್ಠ ನಾಗರಿಕ ಹರೂ ಲೇ ಸೂಚನಾ ಪ್ರಕಾಶಿತ ಭಏಕೋ ಮಿತಿ ಲೇ 35 ದಿನ ಭಿತ್ರ ಪ್ರಮಾಣಪತ್ರ ಸಹಿತ ಕಾರ್ಯಾಲಯ ಮಾ ಆಈ ನವೀಕರಣ ಗರ್ನೂ.”

ಮೊದಲು ಜಾಗಗಳನ್ನು ಮುಚ್ಚಬೇಕು. ‘ಬಾಟ’ (ಇಂದ), ‘ಲೇ’, ‘ಮಾ’ (ಅಲ್ಲಿ) ವಿಭಕ್ತಿಗಳು, ‘ಹರೂ’ ಬಹುವಚನ. ಇವು ಬಿಡಿಯಾಗಿ ನಿಲ್ಲುವಂತಿಲ್ಲ. ‘ಭಿತ್ರ’ (ಒಳಗೆ), ‘ಸಹಿತ’ ಇವು ವಿಭಕ್ತಿಗಳಲ್ಲ; ವ್ಯಾಕರಣಕಾರರು ಇವನ್ನು ‘ನಾಮಯೋಗಿ’ ಎನ್ನುತ್ತಾರೆ. ಹೆಸರೇ ಹೇಳುವಂತೆ ಇವೂ ನಾಮಕ್ಕೆ ಕೂಡುತ್ತವೆ: ‘ದಿನಭಿತ್ರ’, ‘ಪ್ರಮಾಣಪತ್ರಸಹಿತ’. ‘ನಾಗರಿಕಹರೂಲೇ’ ಎಂದು ಬಹುವಚನದ ಮೇಲೆ ವಿಭಕ್ತಿ ಬಂದು ಕುಳಿತರೂ ಪದ ಒಂದೇ.

ಆಮೇಲೆ ಮರ್ಯಾದೆ. ‘ಆಏಕೋ’ ಎಂಬುದು ‘ಬಂದ’ ಎಂಬ ಬರಿಯ ಏಕವಚನ. ಹಿರಿಯರ ಬಗ್ಗೆ ಹೇಳುವಾಗ ಅದು ‘ಆಉನುಭಏಕಾ’ ಆಗಬೇಕು. ಇಲ್ಲಿ ಎರಡು ಬದಲಾವಣೆ: ನಡುವೆ ‘ಉನುಭ’ ಸೇರಿ ಗೌರವ ಬಂತು, ಕೊನೆಯ ‘ಕೋ’ ಹೋಗಿ ‘ಕಾ’ ಬಂತು. ಈ ‘ಕಾ’ ಬಹುವಚನದ ಗುರುತು. ಒಬ್ಬರೇ ಆದರೂ ಗೌರವಕ್ಕೆ ಇದನ್ನೇ ಬಳಸುವುದುಂಟು, ನಾವು ‘ಅವರು’ ಎಂದ ಹಾಗೆ. ಇನ್ನು ಕೊನೆಯ ‘ಗರ್ನೂ’. ಹ್ರಸ್ವವಾದರೆ ‘ಗರ್ನು’, ಬರೀ ಮಾಡುವುದು. ದೀರ್ಘವಾದರೆ ‘ಗರ್ನೂ’, ಮಾಡತಕ್ಕದ್ದು ಎಂಬ ಆಜ್ಞೆ. ಮೇಲಧಿಕಾರಿ ಕೈಕೆಳಗಿನವರಿಗೆ ಬರೆದರೆ ಅದು ಒಪ್ಪುತ್ತದೆ. ಎಪ್ಪತ್ತು ದಾಟಿದ ಅಜ್ಜಿಗೆ ಬರೆದರೆ ಒರಟು. ಬಂದು ಎಂಬ ‘ಆಈ’ಯ ಬದಲು ಹಾಜರಾಗಿ ಎಂಬ ‘ಉಪಸ್ಥಿತ ಭಈ’ ಇರಲಿ. ತಿದ್ದಿದ ಮೇಲೆ:

“ಯಸ ವಡಾಬಾಟ ಭತ್ತಾ ಬುಝ್ದೈ ಆಉನುಭಏಕಾ ಜ್ಯೇಷ್ಠ ನಾಗರಿಕಹರೂಲೇ ಸೂಚನಾ ಪ್ರಕಾಶಿತ ಭಏಕೋ ಮಿತಿಲೇ 35 ದಿನಭಿತ್ರ ಪ್ರಮಾಣಪತ್ರಸಹಿತ ಕಾರ್ಯಾಲಯಮಾ ಉಪಸ್ಥಿತ ಭಈ ನವೀಕರಣ ಗರ್ನುಹುನ ಅನುರೋಧ ಛ.”

‘ಗರ್ನುಹುನ ಅನುರೋಧ ಛ’ ಎಂದರೆ ‘ಮಾಡಬೇಕಾಗಿ ಕೋರಿಕೆ’. ಇಲ್ಲೂ ‘ಗರ್ನು’ ಮತ್ತು ‘ಹುನ’ ಬೆಸೆದೇ ಇವೆ. ‘ಗರ್ನುಪರ್ನೇಛ’, ಅಂದರೆ ಮಾಡಬೇಕಾಗುತ್ತದೆ, ಎಂದು ಮುಗಿಸುವ ಕಚೇರಿಗಳೂ ಇವೆ. ಕಾನೂನಿನ ಗಡುವು ಇರುವಲ್ಲಿ ಅದು ಸರಿ. ಅದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ತಪ್ಪಾಗುವುದು ಬೆರಕೆಯಲ್ಲಿ: ಮೇಲೆ ‘ಆದರಣೀಯ ಅಭಿಭಾವಕಜ್ಯೂ’ ಎಂದು ಪೋಷಕರಿಗೆ ಕೈಮುಗಿದು, ಕೆಳಗೆ ‘ಆಉನೂ’ ಎಂದು ಅಪ್ಪಣೆ ಮಾಡಿದರೆ ಎರಡು ಬೇರೆ ಪ್ರಕಟಣೆಗಳನ್ನು ಹೊಲಿದಂತಿರುತ್ತದೆ.

ಕೂಡಿಸುವ ನಿಯಮ ಕಲಿತವರು ಎಡವುವ ಜಾಗವೂ ಒಂದಿದೆ. ಪ್ರಕಟಣೆಯ ಕೊನೆಯಲ್ಲಿ ಬರುವ ‘ಜಾನಕಾರೀಕಾ ಲಾಗಿ’, ಅಂದರೆ ಮಾಹಿತಿಗಾಗಿ. ಇಲ್ಲಿ ‘ಲಾಗಿ’ ಬಿಡಿಯಾಗಿಯೇ ನಿಲ್ಲುತ್ತದೆ, ಏಕೆಂದರೆ ನಾಮಪದಕ್ಕೆ ಈಗಾಗಲೇ ‘ಕಾ’ ಅಂಟಿ ಪದ ಮುಗಿದಿದೆ. ‘ಲಾಗಿ’ಯ ಮುಂದೆ ‘ಕೋ’ ಬರದೆ ‘ಕಾ’ ಬರಬೇಕು ಎಂಬುದು ವ್ಯಾಕರಣ. ಆದರೂ ‘ಜಾನಕಾರೀಕೋ ಲಾಗಿ’ ಎಂದು ಬರೆದದ್ದು ಎಲ್ಲೆಡೆ ಕಾಣುತ್ತದೆ.

ಎಲ್ಲ ತೀರ್ಮಾನವಾಯಿತೆಂದಲ್ಲ. 2012ರ ಸುಮಾರಿಗೆ ನೇಪಾಳದ ಪಠ್ಯಪುಸ್ತಕಗಳಿಗಾಗಿ ಕಾಗುಣಿತ ಬದಲಿಸುವ ಪ್ರಯತ್ನ ನಡೆದು, ಭಾಷಾಪ್ರಿಯರ ಗಟ್ಟಿ ವಿರೋಧಕ್ಕೆ ಗುರಿಯಾಯಿತು. 2015ರ ಸಂವಿಧಾನದ ಏಳನೆಯ ವಿಧಿಯಲ್ಲಿ ಮಾತ್ರ ಪದಯೋಗ ಸ್ಪಷ್ಟವಾಗಿದೆ: ‘ದೇವನಾಗರೀ ಲಿಪಿಮಾ ನೇಪಾಲೀ ಭಾಷಾ ನೇಪಾಲಕೋ ಸರಕಾರೀ ಕಾಮಕಾಜಕೋ ಭಾಷಾ ಹುನೇಛ’, ಅಂದರೆ ದೇವನಾಗರಿ ಲಿಪಿಯ ನೇಪಾಳಿ ಭಾಷೆ ನೇಪಾಳದ ಸರ್ಕಾರಿ ಕೆಲಸಕಾರ್ಯದ ಭಾಷೆಯಾಗಿರುತ್ತದೆ. ಲಿಪಿಗೆ ‘ಮಾ’, ನೇಪಾಳಕ್ಕೆ ‘ಕೋ’, ಕಾಮಕಾಜಕ್ಕೆ ‘ಕೋ’, ಎಲ್ಲೂ ಜಾಗವಿಲ್ಲ.

ಅಂಕಿಯ ಪಕ್ಕದ ವಿಭಕ್ತಿ ಮಾತ್ರ ಇನ್ನೂ ಅತ್ತಿತ್ತ ತೂಗಾಡುತ್ತಿದೆ. ಇಸವಿಯ ಬಳಿಕ ಬರುವ ‘ಮಾ’ವನ್ನು ಕೆಲವರು ಅಂಟಿಸುತ್ತಾರೆ, ಕೆಲವರು ಬಿಡಿಸುತ್ತಾರೆ, ಏಕೆಂದರೆ ಅಂಕಿ ಅಕ್ಷರವಲ್ಲ, ಅದಕ್ಕೆ ತಲೆಗೆರೆ ಇಲ್ಲ. ಒಂದು ಕಾಲಕ್ಕೆ ಸರ್ಕಾರದ ಹೆಸರಲ್ಲೇ ಈ ಕಗ್ಗಂಟಿತ್ತು. ಅರಸರ ಹೆಸರಿನ ಮುಂದೆ ಐದು ಸಲ ‘ಶ್ರೀ’ ಎನ್ನುವ ಬದಲು ‘ಶ್ರೀ 5’ ಎಂದು ಬರೆಯುತ್ತಿದ್ದುದರಿಂದ ಅವರ ಸರ್ಕಾರ ‘ಶ್ರೀ 5 ಕೋ ಸರಕಾರ’ ಆಗಿತ್ತು, ‘ಕೋ’ ಬಿಡಿಯಾಗಿ. 2006ರ ಮೇ ತಿಂಗಳಲ್ಲಿ ಸಂಸತ್ತು ಆ ಹೆಸರನ್ನು ತೆಗೆದು ‘ನೇಪಾಲ ಸರಕಾರ’ ಎಂದಿತು. ಪ್ರಕಟಣೆಗಳ ತಲೆಬರಹದಿಂದ ಅಂಕಿಯೂ ಹೋಯಿತು, ಅದರ ಪಕ್ಕದ ‘ಕೋ’ ಕೂಡ ಹೋಯಿತು.