ಫುಲ್ ಚಾರ್ಜ್ ಮಾಡಿ ಘಾಟಿ ಇಳಿದರೆ

ಮಡಿಕೇರಿಯ ಹೋಂಸ್ಟೇಯಲ್ಲಿ ಎಲೆಕ್ಟ್ರಿಕ್ ಕಾರನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಸಂಪಾಜೆ ಘಾಟಿ ಇಳಿದ ಗ್ರಾಹಕರೊಬ್ಬರು ಸುಳ್ಯದಿಂದಲೇ ಫೋನ್ ಮಾಡಿದರು. "ಸರ್, ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೂ ಗಾಡಿ ಸ್ಲೋ ಆಗ್ತಾನೇ ಇಲ್ಲ. ತಿರುವಲ್ಲೆಲ್ಲ ಬ್ರೇಕ್ ಒತ್ತಿ ಒತ್ತಿ ಸಾಕಾಯ್ತು." ಬ್ಯಾಟರಿ ಎಷ್ಟಿತ್ತು ಅಂದೆ. "ಹೊರಟಾಗ ನೂರು." ಅಲ್ಲಿಗೆ ಉತ್ತರ ಸಿಕ್ಕಿತು.

ಕಾಲು ತೆಗೆದಾಗ ಮೋಟಾರು ಡೈನಮೋ ಆಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಇದೇ ರೀಜನ್ ಬ್ರೇಕಿಂಗ್. ಅದು ಹುಟ್ಟಿಸಿದ ಕರೆಂಟು ಬ್ಯಾಟರಿಗೇ ಹೋಗಬೇಕು. ಅಂದರೆ ರೀಜನ್ ಬ್ರೇಕಿಂಗ್ ಕೂಡ ಒಂದು ಚಾರ್ಜಿಂಗೇ. ಫಾಸ್ಟ್ ಚಾರ್ಜರ್ ಶೇ 80 ದಾಟಿದ ಮೇಲೆ ನಿಧಾನ ಆಗುವುದನ್ನು ನೋಡಿದ್ದೀರಿ ಅಲ್ವಾ? ಇಲ್ಲೂ ಅದೇ ಕಥೆ. ತುಂಬಿದ ಸೆಲ್‌ನ ವೋಲ್ಟೇಜು ಆಗಲೇ ಮಿತಿಯ ಹತ್ತಿರ ಇರುತ್ತದೆ. ಅದಕ್ಕೆ ಜೋರಾಗಿ ಕರೆಂಟು ನುಗ್ಗಿಸಿದರೆ ಮಿತಿ ದಾಟಿ ಸೆಲ್ ಹಾಳಾಗುತ್ತದೆ. ಹಾಗಾಗಿ ಬ್ಯಾಟರಿಯನ್ನು ನೋಡಿಕೊಳ್ಳುವ ಬಿಎಂಎಸ್, ಇಷ್ಟಕ್ಕಿಂತ ಜಾಸ್ತಿ ಕಳಿಸಬೇಡ ಎಂದು ಮೋಟಾರಿಗೆ ಕಡಿವಾಣ ಹಾಕುತ್ತದೆ. ಕರೆಂಟು ಕಮ್ಮಿಯಾದಷ್ಟೂ ಎಳೆತ ಕಮ್ಮಿ.

ಈ ಘಾಟಿಯ ಲೆಕ್ಕವನ್ನೇ ಹಾಕೋಣ. ಇಳಿತ ಸುಮಾರು 1,000 ಮೀಟರ್. 1,600 ಕೆಜಿ ಗಾಡಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಟೈರು, ಗಾಳಿ, ಮೋಟಾರು ತಿಂದು ಉಳಿದದ್ದು ಎರಡು ಎರಡೂವರೆ ಯೂನಿಟ್. 40 ಯೂನಿಟ್ ಬ್ಯಾಟರಿಗೆ ಅದು ಶೇ 6ರಷ್ಟು. ಅವರು ಶೇ 90ಕ್ಕೆ ಪ್ಲಗ್ ಕಿತ್ತಿದ್ದರೆ ಅಷ್ಟಕ್ಕೂ ಜಾಗ ಇರುತ್ತಿತ್ತು. ನೂರಾಗಿದ್ದರಿಂದ ಆ ಶಕ್ತಿಯೆಲ್ಲ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. ಪೆಟ್ರೋಲ್ ಗಾಡಿಯಲ್ಲಾದರೆ ಗೇರ್ ಇಳಿಸಿ ಎಂಜಿನ್ನಿನ ಹಿಡಿತ ನೆಚ್ಚಿಕೊಳ್ಳಬಹುದು. ಇಲ್ಲಿ ಅದೂ ಇಲ್ಲ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ.

ಚಳಿಯಲ್ಲೂ ರೀಜನ್ ಕಮ್ಮಿಯಾಗುತ್ತದೆ, ಆದರೆ ಅದರ ಕಾರಣ ಬೇರೆ. ತಣ್ಣಗಿರುವ ಸೆಲ್‌ನಲ್ಲಿ ಲಿಥಿಯಂ ಅಯಾನುಗಳು ಗ್ರಾಫೈಟ್ ಒಳಗೆ ಸೇರುವುದು ನಿಧಾನ. ಅವಸರ ಮಾಡಿದರೆ ಒಳಗೆ ಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತದ್ದರಲ್ಲಿ ಒಂದು ಪಾಲು ವಾಪಸ್ ಬರುವುದಿಲ್ಲ, ಬ್ಯಾಟರಿಯ ಸಾಮರ್ಥ್ಯ ಅಷ್ಟು ಹೋದ ಹಾಗೆ. ಕೆನಡಾದ ಜನವರಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿಯಲ್ಲಿ ಬ್ಯಾಟರಿ ಅರ್ಧ ಖಾಲಿ ಇದ್ದರೂ ರೀಜನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನಿಸುವುದು ಇದಕ್ಕೇ. ನಮ್ಮ ಕೊಡಗಿನ ಡಿಸೆಂಬರ್ ಅಷ್ಟು ಕಾಡುವುದಿಲ್ಲ. ಬೆಳಗಿನ ಮೊದಲ ಕೆಲವು ಕಿಲೋಮೀಟರ್ ಸ್ವಲ್ಪ ಸಪ್ಪೆ ಅನಿಸಬಹುದು, ಅಷ್ಟೇ.

ಕೆಲವು ಗಾಡಿಗಳಲ್ಲಿ ಬ್ರೇಕ್ ಪೆಡಲ್ ಒತ್ತಿದಾಗ ರೀಜನ್ ಕಮ್ಮಿಯಾದಷ್ಟನ್ನು ಡಿಸ್ಕ್ ಬ್ರೇಕೇ ತುಂಬಿಕೊಡುತ್ತದೆ, ನಿಮಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬ್ಯಾಟರಿ ಶೇ 60ಕ್ಕೆ ಇಳಿದು, ಬಿಸಿಲಲ್ಲಿ ಅರ್ಧ ಗಂಟೆ ಓಡಿಸಿದ ಮೇಲೂ ಎಳೆತ ಬರದಿದ್ದರೆ, ಮೊದಲು ರೀಜನ್ ಮಟ್ಟದ ಸೆಟ್ಟಿಂಗ್ ನೋಡಿ. ಅದು ಸರಿಯಿದ್ದೂ ಹಾಗೇ ಇದ್ದರೆ ಮಾತ್ರ ಗಾಡಿ ವರ್ಕ್‌ಶಾಪಿಗೆ ತನ್ನಿ.