ಬೋರ್ಡ್ ಸಭೆಯಲ್ಲಿ ಕೆಪಿಐ ಟ್ರೆಂಡ್: ಕೆಂಪು ಬಾಣ ಕಂಡಾಗ ಏನು ಹೇಳಬೇಕು

ಡ್ಯಾಶ್‌ಬೋರ್ಡ್ ತಾನೇ ನಂಬರ್ ತರುತ್ತದೆ, ತಾನೇ ಗ್ರಾಫ್ ಬಿಡಿಸುತ್ತದೆ, ತಾನೇ ಬಣ್ಣ ಹಚ್ಚುತ್ತದೆ. ಮಾತು ಮಾತ್ರ ನಾವೇ ಆಡಬೇಕು. ತ್ರೈಮಾಸಿಕ ಸಭೆಯಲ್ಲಿ ಡೈರೆಕ್ಟರುಗಳ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಇರುತ್ತದೆ: "ಇದ್ಯಾಕ್ರೀ ಕೆಂಪಾಗೈತಿ?" ಅದಕ್ಕೆ ಉತ್ತರ ಹೇಗೆ ತಯಾರು ಮಾಡುವುದು ಅನ್ನುವುದಷ್ಟೇ ಈ ಟಿಪ್ಪಣಿಯ ವಿಷಯ. ಸ್ಲೈಡ್ ಚೆಂದ ಮಾಡುವ ಮಾತು ಇಲ್ಲಿಲ್ಲ.

ಉದಾಹರಣೆಗೆ ಒಂದು ಕಂಪನಿ ಕಲ್ಪಿಸಿಕೊಳ್ಳೋಣ. ಬ್ಯಾಡಗಿ ಹತ್ತಿರ ಮೆಣಸಿನಪುಡಿ ಘಟಕ, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಆಫೀಸು. ಜುಲೈ ತಿಂಗಳಲ್ಲಿ ಸಭೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ಲೆಕ್ಕ ಬೋರ್ಡ್ ಮುಂದೆ ಇಡಬೇಕು. ಕೆಳಗಿನ ಅಂಕಿಗಳೆಲ್ಲ ಅಭ್ಯಾಸಕ್ಕೆಂದು ಹಾಕಿಕೊಂಡವು.

ಬಾಣ ಯಾವುದಕ್ಕೆ ಹೋಲಿಸುತ್ತಿದೆ?

ಬಹಳಷ್ಟು ಡ್ಯಾಶ್‌ಬೋರ್ಡ್‌ಗಳಲ್ಲಿ ಬಾಣ ನೋಡುವುದು ಎರಡೇ ಅಂಕಿ: ಈ ತ್ರೈಮಾಸಿಕ ಮತ್ತು ಹಿಂದಿನದು. ಮೆಣಸಿನಕಾಯಿ ವ್ಯವಹಾರಕ್ಕೆ ಇದು ಸುಮ್ನೆ ಗಾಬರಿ ಹುಟ್ಟಿಸುವ ಹೋಲಿಕೆ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಜೋರಾಗಿ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಆಗ ಖರೀದಿ ಮಾಡಿ ಕೋಲ್ಡ್ ಸ್ಟೋರೇಜಿಗೆ ತುಂಬುತ್ತಾರೆ, ಆಮೇಲೆ ವರ್ಷವಿಡೀ ಪುಡಿ ಮಾಡುತ್ತಾರೆ. ಹಾಗಾಗಿ ಜನವರಿ-ಮಾರ್ಚ್ ಎದುರು ಏಪ್ರಿಲ್-ಜೂನ್ ಇಟ್ಟರೆ ಖರೀದಿಯ ಬಾಣ ಪ್ರತಿ ವರ್ಷವೂ ಕೆಳಗೇ ತಿರುಗುತ್ತದೆ. ಇಂಥ ಕೆಪಿಐಗಳಿಗೆ ಹೋದ ವರ್ಷದ ಇದೇ ತ್ರೈಮಾಸಿಕದ ಜೊತೆ ಹೋಲಿಕೆ ಇಡಿ, ಹಾಗೆಂದು ಸ್ಲೈಡಿನ ಮೇಲೇ ಬರೆಯಿರಿ. ಒಂದು ವಾಕ್ಯದಲ್ಲಿ ಮುಗಿಯುವ ಮಾತು ಇದು.

ಸೀಸನ್ ಅಷ್ಟಾಗಿ ತಟ್ಟದ ಕೆಪಿಐಗಳದ್ದು ಬೇರೆ ಸಮಸ್ಯೆ. ಅವು ಯಾವ ಕಾರಣವೂ ಇಲ್ಲದೆ ತಿಂಗಳಿಂದ ತಿಂಗಳಿಗೆ ಒಂದಷ್ಟು ಅಲ್ಲಾಡುತ್ತಲೇ ಇರುತ್ತವೆ. ಆ ಅಲ್ಲಾಟ ಎಷ್ಟು ಅಂತ ಮೊದಲು ಗೊತ್ತಿರಬೇಕು. ಅದು ಗೊತ್ತಿಲ್ಲದೆ "ಈ ಸಲ ಇಳಿದಿದೆ" ಅನ್ನುವುದು ಅರ್ಧ ಮಾತು.

ಅಲ್ಲಾಟ ಅಳೆಯುವ ದಾರಿ ಹಳೆಯದು. 1924ರಲ್ಲಿ ವಾಲ್ಟರ್ ಶೂಹಾರ್ಟ್ ಕಾರ್ಖಾನೆಯ ಗುಣಮಟ್ಟಕ್ಕಾಗಿ ಕಂಟ್ರೋಲ್ ಚಾರ್ಟ್ ರೂಪಿಸಿದರು. ಅದರ ಸರಳ ರೂಪ ನಮಗೆ ಸಾಕು. ಹಿಂದಿನ 12 ತಿಂಗಳ ಸರಾಸರಿ ತೆಗೆಯಿರಿ. ಒಂದು ತಿಂಗಳಿಗೂ ಮುಂದಿನ ತಿಂಗಳಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಪ್ಲಸ್-ಮೈನಸ್ ಬಿಟ್ಟು ಆ ವ್ಯತ್ಯಾಸಗಳ ಸರಾಸರಿ ತೆಗೆಯಿರಿ. ಅದನ್ನು 2.66ರಿಂದ ಗುಣಿಸಿ, ಮೊದಲ ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಎಕ್ಸೆಲ್‌ನಲ್ಲಿ 12 ತಿಂಗಳ ಅಂಕಿ B2ರಿಂದ B13ವರೆಗೆ ಇದ್ದರೆ, E1ರಿಂದ E4ವರೆಗಿನ ನಾಲ್ಕು ಮನೆಗಳಲ್ಲಿ ಇಷ್ಟು ಹಾಕಿದರೆ ಆಯಿತು:

```
=AVERAGE(B2:B13)
=SUMPRODUCT(ABS(B3:B13-B2:B12))/11
=E1+2.66*E2
=E1-2.66*E2
```

ಗೆರೆಗಳ ಹೊರಗೆ ಒಂದು ಚುಕ್ಕೆ ಬಿದ್ದರೆ, ಅಥವಾ ಸತತ 8 ಚುಕ್ಕೆಗಳು ಸರಾಸರಿಯ ಒಂದೇ ಬದಿಗೆ ಬಿದ್ದರೆ, ಏನೋ ಬದಲಾಗಿದೆ ಅಂತ ಹಿಡಿಯಬಹುದು. ಇಲ್ಲವಾದರೆ ಅದು ದಿನನಿತ್ಯದ ಅಲ್ಲಾಟ.

ಕೆಂಪಾಗಿದ್ದರೂ ಸುದ್ದಿಯಲ್ಲ, ಹಸಿರಾಗಿದ್ದರೂ ಸುದ್ದಿ

ಮೊದಲ ಕೆಪಿಐ, ಹೇಳಿದ ದಿನಕ್ಕೆ ಮಾಲು ಕಳಿಸಿದ ಆರ್ಡರುಗಳ ಶೇಕಡಾವಾರು. ಹೋದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹೀಗಿತ್ತು: 91, 88, 92, 90, 87, 91, 93, 89, 90, 92, 88, 89. ಸರಾಸರಿ 90. ತಿಂಗಳ ವ್ಯತ್ಯಾಸಗಳ ಮೊತ್ತ 30, ಅದನ್ನು 11ರಿಂದ ಭಾಗಿಸಿದರೆ ಸುಮಾರು 2.73. ಗೆರೆಗಳು ಹತ್ತಿರಹತ್ತಿರ 83 ಮತ್ತು 97ಕ್ಕೆ ಬೀಳುತ್ತವೆ. ಈ ತ್ರೈಮಾಸಿಕದ ಮೂರು ತಿಂಗಳು 90, 87, 86. ಗುರಿ 90 ಇರುವುದರಿಂದ ಡ್ಯಾಶ್‌ಬೋರ್ಡ್ ಕೆಂಪು ತೋರಿಸುತ್ತದೆ, ಬಾಣವೂ ಕೆಳಗೆ. ಆದರೆ ಮೂರೂ ತಿಂಗಳ ಅಂಕಿ ಗೆರೆಗಳ ಒಳಗೇ ಇವೆ. ಹೋದ ವರ್ಷ ಆಗಸ್ಟ್‌ನಲ್ಲೂ 87 ಇತ್ತು, ಮುಂದಿನ ತಿಂಗಳು ತಾನಾಗಿಯೇ 91ಕ್ಕೆ ಏರಿತ್ತು.

ಎರಡನೆಯದು ಉದ್ರಿ ವಸೂಲಿಗೆ ಹಿಡಿಯುವ ದಿನ. ಲೆಕ್ಕದವರು ಇದನ್ನು ಡಿಎಸ್ಒ ಅನ್ನುತ್ತಾರೆ. ಹೋದ ವರ್ಷದ ಸರಾಸರಿ 45 ದಿನ, ಅಲ್ಲಾಟ ತುಂಬ ಕಡಿಮೆ, ಗೆರೆಗಳು ಸುಮಾರು 40 ಮತ್ತು 50. ಈ ಸಲ 48, 51, 54. ಕಂಪನಿಯ ಮಿತಿ 60 ದಿನ ಅಂತ ಡ್ಯಾಶ್‌ಬೋರ್ಡಿಗೆ ಹಾಕಿರುವುದರಿಂದ ಮೂರೂ ತಿಂಗಳು ಹಸಿರು! ಆದರೆ ಮೇ ಮತ್ತು ಜೂನ್ ಮೇಲಿನ ಗೆರೆ ದಾಟಿವೆ. ಸಭೆಯಲ್ಲಿ ಸಮಯ ಕೊಡಬೇಕಾದ್ದು ಇದಕ್ಕೆ. ಬಣ್ಣ ನೋಡಿ ಕ್ರಮ ಹಾಕಿದರೆ ಇದು ಕೊನೆಯ ಸ್ಲೈಡಿನಲ್ಲಿ ಕೂತಿರುತ್ತದೆ, ಅಲ್ವಾ?

ಆದರೂ ತಕ್ಷಣ "ವಸೂಲಿ ಕೆಟ್ಟಿದೆ" ಅನ್ನಬೇಡಿ. ಡಿಎಸ್ಒ ಒಂದು ಭಾಗಾಕಾರ. ಬರಬೇಕಾದ ಬಾಕಿಯನ್ನು ಮೂರು ತಿಂಗಳ ಮಾರಾಟದಿಂದ ಭಾಗಿಸಿ 90ರಿಂದ ಗುಣಿಸುತ್ತಾರೆ. ಜೂನ್ ಕೊನೆಗೆ ಬಾಕಿ 6 ಕೋಟಿ, ಮಾರಾಟ 10 ಕೋಟಿ, ಅಲ್ಲಿಗೆ 54 ದಿನ. ಮಾರಾಟ ಇಳಿದರೂ ಈ ಅಂಕಿ ಏರುತ್ತದೆ, ಗಿರಾಕಿಗಳು ಒಂದು ದಿನವೂ ತಡ ಮಾಡದಿದ್ದರೂ ಸಹ. ಆದ್ದರಿಂದ ಬಾಕಿಯ ವಯಸ್ಸಿನ ಪಟ್ಟಿ ತೆಗೆಯಬೇಕು, ಅಂದರೆ ಯಾವ ಬಿಲ್ಲು ಗಡುವು ದಾಟಿ ಎಷ್ಟು ದಿನ ಆಯಿತು ಅನ್ನುವ ಪಟ್ಟಿ. ನಮ್ಮ ಉದಾಹರಣೆಯಲ್ಲಿ ಮಾರಾಟ ಮೊದಲಿನಂತೆಯೇ ಇದೆ. 6 ಕೋಟಿಯಲ್ಲಿ 1.2 ಕೋಟಿ ಗಡುವು ದಾಟಿದೆ, ಅದರಲ್ಲಿ 90 ಲಕ್ಷ ಒಬ್ಬನೇ ದೊಡ್ಡ ಗಿರಾಕಿಯದು. ಆ 90 ಲಕ್ಷ ಹೊತ್ತಿಗೆ ಬಂದಿದ್ದರೆ ಬಾಕಿ 5.1 ಕೋಟಿ, ಅಂದರೆ ಸುಮಾರು 46 ದಿನ. ಹಳೆಯ ಸರಾಸರಿ ಪಕ್ಕದಲ್ಲೇ ಬಂದು ನಿಂತಿತು. ಈಗ ಕಾರಣ ಕೈಗೆ ಸಿಕ್ಕಿತು.

ಡ್ಯಾಶ್‌ಬೋರ್ಡ್ ಇಲ್ಲಿಯವರೆಗೆ ಬರುವುದಿಲ್ಲ. ಈ ಪಟ್ಟಿ ಸಭೆಗೆ ಮೊದಲೇ ಅಕೌಂಟ್ಸ್ ವಿಭಾಗದವರ ಜೊತೆ ಕೂತು ನೋಡಬೇಕು.

ಬಾಯಲ್ಲಿ ಹೇಳುವ ಮಾತು

ಪ್ರತಿ ಕೆಪಿಐಗೆ ಎಷ್ಟಿದೆ, ಯಾವುದಕ್ಕೆ ಹೋಲಿಸಿ, ಬದಲಾವಣೆಯೋ ಅಲ್ಲಾಟವೋ, ಬೋರ್ಡ್‌ನಿಂದ ಏನು ಬೇಕು, ಇಷ್ಟು ಹೇಳಿದರೆ ಸಾಕು. "ಮಾಲು ಕಳಿಸುವುದರಲ್ಲಿ ಈ ತ್ರೈಮಾಸಿಕದ ಸರಾಸರಿ ಸುಮಾರು 88. ಗುರಿಗಿಂತ ಕಡಿಮೆ ಇರುವುದರಿಂದ ಕೆಂಪು ಕಾಣುತ್ತಿದೆ ಸರ್. ಆದರೆ ಕಳೆದ ವರ್ಷದುದ್ದಕ್ಕೂ 87ರಿಂದ 93ರ ನಡುವೆ ಆಡುತ್ತಿತ್ತು. ಹೊಸದಾಗಿ ಏನೋ ಕೆಟ್ಟಿದೆ ಅನ್ನಲು ಆಧಾರ ಇಲ್ಲ." ಎರಡನೆಯದಕ್ಕೆ: "ಉದ್ರಿ ವಸೂಲಿ 45ರಿಂದ 54 ದಿನಕ್ಕೆ ಏರಿದೆ. ಮಿತಿಯೊಳಗೇ ಇದೆ, ಆದರೆ ಇದು ನಿಜವಾದ ಬದಲಾವಣೆ. ಒಬ್ಬ ಗಿರಾಕಿಯಿಂದ 90 ಲಕ್ಷ ಬರಬೇಕು. ಹಳೇ ಬಾಕಿ ಬರುವವರೆಗೆ ಅವರಿಗೆ ಹೊಸ ಉದ್ರಿ ನಿಲ್ಲಿಸಲು ಒಪ್ಪಿಗೆ ಬೇಕು."

ಗೆರೆ, 2.66, ಶೂಹಾರ್ಟ್ ಇವನ್ನೆಲ್ಲ ಸಭೆಯಲ್ಲಿ ಎತ್ತಬೇಡಿ. ಯಾರಾದರೂ ಕೇಳಿದರೆ ತೋರಿಸಲು ಒಂದು ಪುಟ ಹಿಂದೆ ಇಟ್ಟುಕೊಂಡರೆ ಸಾಕು. "ಹಂಗಾದ್ರ 88 ಛಲೋ ಅಂತೀರೇನು?" ಅಂತ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಬದಲಾಗಿಲ್ಲ ಅಂದರೆ ಚೆನ್ನಾಗಿದೆ ಅಂತಲ್ಲ. ಈಗಿನ ವ್ಯವಸ್ಥೆ ಕೊಡುವುದೇ 90ರ ಆಸುಪಾಸು. ಬೋರ್ಡಿಗೆ 95 ಬೇಕಿದ್ದರೆ ಜೂನ್‌ನಲ್ಲಿ ಏನಾಯಿತು ಅಂತ ಹುಡುಕಿ ಪ್ರಯೋಜನವಿಲ್ಲ. ಇನ್ನೊಂದು ಪ್ಯಾಕಿಂಗ್ ಲೈನು ಹಾಕಬೇಕೋ, ಲಾರಿಯ ಒಪ್ಪಂದ ಬದಲಿಸಬೇಕೋ, ಆ ಮಟ್ಟದ ಚರ್ಚೆ ಬೇಕು. ಅದಕ್ಕೆ ಬೇರೆ ಅಜೆಂಡಾ ಕೇಳಿ.

ಅಂಕಿ ಎಲ್ಲಿ ಮೋಸ ಮಾಡುತ್ತದೆ

ಕಂಪನಿ ಕಾಯ್ದೆ 2013ರ 173ನೇ ಕಲಮಿನ ಪ್ರಕಾರ ಬೋರ್ಡ್ ಸಭೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಮೊದಲು ನೋಟಿಸ್ ಹೋಗಬೇಕು. ವರದಿಗಳೂ ಹೆಚ್ಚುಕಡಿಮೆ ಅದರ ಜೊತೆಗೇ ಹೋಗುತ್ತವೆ. ಡ್ಯಾಶ್‌ಬೋರ್ಡ್ ಮಾತ್ರ ಆ ಏಳು ದಿನ ಸುಮ್ಮನಿರುವುದಿಲ್ಲ. ಜೂನ್ ತಿಂಗಳ ಕ್ರೆಡಿಟ್ ನೋಟ್ ಜುಲೈನಲ್ಲಿ ಏರುತ್ತದೆ, ಬಾಕಿ ಉಳಿದ ಎಂಟ್ರಿಗಳು ಸೇರುತ್ತವೆ. ಡೈರೆಕ್ಟರ ಕೈಯಲ್ಲಿರುವ ಕಾಗದದಲ್ಲಿ 54, ಪರದೆಯ ಮೇಲೆ 53. ಅಲ್ಲಿಂದ ಮುಂದೆ ಅರ್ಧ ಗಂಟೆ ಆ ಒಂದು ದಿನದ ಬಗ್ಗೆಯೇ ಮಾತು. ಅಂಕಿಗಳನ್ನು ಒಂದು ದಿನಕ್ಕೆ ನಿಲ್ಲಿಸಿ ಪ್ರತಿ ಇಟ್ಟುಕೊಳ್ಳಿ, "ಜುಲೈ 10ರ ಸಂಜೆಯ ಲೆಕ್ಕ" ಅಂತ ಪ್ರತಿ ಪುಟದ ಕೆಳಗೆ ಹಾಕಿ. ಸಭೆಯಲ್ಲಿ ಲೈವ್ ಪರದೆ ತೆರೆಯಲೇಬೇಡಿ.

ಇನ್ನೊಂದು ಸೂಕ್ಷ್ಮ. ಹೇಳಿದ ದಿನ ಅಂದರೆ ಯಾವ ದಿನ? ಮಾಲು ತಡವಾಗುತ್ತದೆ ಅನ್ನಿಸಿದಾಗ ಸೇಲ್ಸ್‌ನವರು ಸಿಸ್ಟಮ್‌ನಲ್ಲಿ ದಿನಾಂಕ ಮುಂದೆ ಹಾಕಿದರೆ ಆ ಆರ್ಡರು ತಡವಾಗಿ ಹೋದರೂ ಹೊತ್ತಿಗೆ ಹೋದಂತೆ ಲೆಕ್ಕಕ್ಕೆ ಬರುತ್ತದೆ. ಗಿರಾಕಿಗಳ ದೂರು ಜಾಸ್ತಿಯಾಗುತ್ತಿದ್ದು, ಕೆಪಿಐ ಮಾತ್ರ ಮೇಲೇರುತ್ತಿದ್ದರೆ ಮೊದಲ ಸಂಶಯ ಇದರ ಮೇಲೇ ಇರಲಿ. ಮೊದಲು ಕೊಟ್ಟ ದಿನಾಂಕ ಒಂದು ಕಾಲಂ, ಬದಲಿಸಿದ ದಿನಾಂಕ ಇನ್ನೊಂದು ಕಾಲಂ ತೆಗೆಸಿ. ಎರಡರ ಶೇಕಡಾವಾರು ದೂರ ಸರಿದಿದ್ದರೆ ಮೊದಲ ದಿನಾಂಕದ್ದನ್ನೇ ಬೋರ್ಡಿಗೆ ತೋರಿಸಿ.

ಗೆರೆಗಳನ್ನು ಪ್ರತಿ ತ್ರೈಮಾಸಿಕಕ್ಕೂ ಹೊಸದಾಗಿ ಹಾಕಬೇಡಿ. ಈ ಸಲದ 48, 51, 54 ಸೇರಿಸಿ ಸರಾಸರಿ ತೆಗೆದರೆ ಗೆರೆ ತಾನೇ ಮೇಲೆ ಸರಿದು, ಕೆಟ್ಟದ್ದೇ ಮಾಮೂಲು ಅನ್ನಿಸಿಬಿಡುತ್ತದೆ. ಎಷ್ಟೋ ರೆಡಿಮೇಡ್ ಡ್ಯಾಶ್‌ಬೋರ್ಡ್‌ಗಳು ಕಳೆದ 12 ತಿಂಗಳನ್ನೇ ಹಿಡಿದು ತಾವೇ ಹೀಗೆ ಸರಿಸುತ್ತವೆ. ಆ ಸೆಟ್ಟಿಂಗ್ ಒಮ್ಮೆ ನೋಡಿಕೊಳ್ಳಿ. ಅಕ್ಟೋಬರ್ ಸಭೆಗೂ 40 ಮತ್ತು 50ರ ಗೆರೆಗಳೇ ಇರಲಿ. ಕಾರಣ ಗೊತ್ತಿದ್ದು, ಆ ಬದಲಾವಣೆ ಹಾಗೇ ಉಳಿಯುತ್ತದೆ ಅಂತ ಖಾತ್ರಿಯಾದ ಮೇಲಷ್ಟೇ ಹೊಸ ಗೆರೆ. ಉದಾಹರಣೆಗೆ, ಬೋರ್ಡೇ ಆ ಗಿರಾಕಿಗೆ 75 ದಿನದ ಉದ್ರಿ ಮಂಜೂರು ಮಾಡಿದರೆ ಆ ತಿಂಗಳಿಂದ ಹೊಸ ಗೆರೆ ಹಾಕಿ, ಯಾವ ದಿನಾಂಕದ ನಿರ್ಣಯದಿಂದ ಅಂತ ಗ್ರಾಫಿನ ಮೇಲೇ ಬರೆದಿಡಿ.